ಮ್ಯಾನೇಜರ್ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡರೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ಮೈಸೂರಿನ ಹೂಟಗಳ್ಳಿ ಕೈಗಾರಿಕಾ ಪ್ರದೇಶದಲ್ಲಿ ವಾಹನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದೇನೆ. ಪ್ಲಾಂಟ್ ಮ್ಯಾನೇಜರ್ ಮತ್ತು ಎಚ್‌ಆರ್ ಎರಡು ಸಲ ಕ್ಯಾಬಿನ್‌ಗೆ ಕರೆದು, "ನೀವಾಗೇ ರಾಜೀನಾಮೆ ಬರೆದುಕೊಡಿ, ಇಲ್ಲಾಂದ್ರೆ ಕೆಲಸ ಸರಿಯಿಲ್ಲ ಅಂತ ಹಾಕಿ ತೆಗೀತೀವಿ, ಬೇರೆ ಕಡೆಯೂ ಕೆಲಸ ಸಿಗಲ್ಲ" ಅಂದರು. ಎರಡನೇ ಸಲ ಜೇಬಿನಲ್ಲಿದ್ದ ಫೋನಿನಲ್ಲಿ 38 ನಿಮಿಷ ರೆಕಾರ್ಡ್ ಮಾಡಿಕೊಂಡೆ. ಅದರಲ್ಲಿ ನಾಲ್ಕು ನಿಮಿಷ ಕತ್ತರಿಸಿ ಒಬ್ಬ ಸಹೋದ್ಯೋಗಿಗೆ ವಾಟ್ಸಾಪ್ ಮಾಡಿದೆ. ನೇಮಕಾತಿ ಪತ್ರದಲ್ಲಿ "ಆವರಣದೊಳಗೆ ಅನುಮತಿಯಿಲ್ಲದೆ ಆಡಿಯೋ, ವಿಡಿಯೋ ಮಾಡಬಾರದು" ಅಂತ ಇದೆ. ನಾನು ಮಾಡಿದ್ದು ಅಪರಾಧವಾ? ಕೋರ್ಟಿನಲ್ಲಿ ಇದು ನಡೆಯುತ್ತಾ? ಸೋಮವಾರ ಮತ್ತೆ ಕರೆದಿದ್ದಾರೆ, ಮತ್ತೆ ರೆಕಾರ್ಡ್ ಮಾಡಲಾ?

ಉತ್ತರ: ಅಪರಾಧವಲ್ಲ. ನೀವೇ ಕೂತು ಮಾತಾಡಿದ ಮಾತುಕತೆಯನ್ನು ಎದುರಿನವರಿಗೆ ಹೇಳದೆ ರೆಕಾರ್ಡ್ ಮಾಡಿಕೊಂಡರೆ ಜೈಲು ಎಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಕೋರ್ಟಿಗೂ ಅದನ್ನು ಕೊಡಬಹುದು. ಆದರೆ ಕೋರ್ಟು ಆ ರೆಕಾರ್ಡಿಂಗನ್ನು ಕೇಳುತ್ತದೆಯೇ ಎಂಬುದು ಒಂದು ಪ್ರಶ್ನೆ, ಅದನ್ನು ಮಾಡಿದ್ದಕ್ಕೆ ಕಂಪನಿ ನಿಮ್ಮ ಮೇಲೆ ಕ್ರಮ ತೆಗೆದುಕೊಳ್ಳಬಹುದೇ ಎಂಬುದು ಮತ್ತೊಂದು. ಮೊದಲನೆಯದಕ್ಕೆ "ಹೌದು" ಅಂತ ಕೇಳಿಸಿಕೊಂಡು ಎರಡನೆಯದನ್ನು ಮರೆತವರೇ ಹೆಚ್ಚು ಪೆಟ್ಟು ತಿನ್ನುತ್ತಾರೆ. ನಿಮ್ಮ ವಿಷಯದಲ್ಲಿ ಎರಡೂ ಒಟ್ಟಿಗೇ ಬಂದು ನಿಂತಿವೆ.

ಮೊದಲು ಕೋರ್ಟಿನ ಮಾತು. "ಗುಟ್ಟಾಗಿ ಮಾಡಿದ ರೆಕಾರ್ಡಿಂಗ್ ನಡೆಯುವುದೇ ಇಲ್ಲ" ಅಂತ ಕ್ಯಾಂಟೀನ್ ಟೇಬಲ್ಲಿನಲ್ಲಿ ಹೇಳುವವರು ತುಂಬ ಮಂದಿ ಇದ್ದಾರೆ. ಅದು ಸರಿಯಲ್ಲ. 1972ರಲ್ಲೇ ಆರ್. ಎಂ. ಮಲ್ಕಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತೀರ್ಮಾನಿಸಿದೆ. ಮುಂಬಯಿಯ ಒಬ್ಬ ಕರೋನರ್, ಅಂದರೆ ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ, ಲಂಚ ಕೇಳಿದ ಫೋನ್ ಮಾತುಕತೆ ಅದು. ಮಾತಾಡುತ್ತಿದ್ದ ಇಬ್ಬರಲ್ಲಿ ಒಬ್ಬರಿಗೆ ರೆಕಾರ್ಡಿಂಗ್ ಗೊತ್ತಿತ್ತು, ಅವರ ಒಪ್ಪಿಗೆಯೂ ಇತ್ತು. ಅಷ್ಟಿದ್ದರೆ ಅದು ಕದ್ದಾಲಿಕೆಯಾಗುವುದಿಲ್ಲ, ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಕೋರ್ಟು ಹೇಳಿತು. ಪುಟ್ಟಸ್ವಾಮಿ ಪ್ರಕರಣದಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ಬಂದ ಮೇಲೆ ಇದೆಲ್ಲ ಬಿದ್ದುಹೋಯಿತೇನೋ ಎಂಬ ಅನುಮಾನ ಹುಟ್ಟಿತು, ಕೆಲವು ಹೈಕೋರ್ಟುಗಳು ಆ ದಾರಿಯಲ್ಲೇ ತೀರ್ಪು ಕೊಟ್ಟವು. 2025ರ ಜುಲೈ 14ರಂದು ವಿಭೋರ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹೆಂಡತಿಗೆ ತಿಳಿಯದಂತೆ ಗಂಡ ಮಾಡಿಕೊಂಡ ರೆಕಾರ್ಡಿಂಗನ್ನೂ ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದಿತು. ಅದು ಗಂಡ ಹೆಂಡಿರ ಕೇಸು, ನಿಮ್ಮದು ನೌಕರಿಯದ್ದು, ಹಾಗಾಗಿ ಎಳೆದು ಅಂಟಿಸಲಾಗದು. ಆದರೂ ಮನೆಯೊಳಗಿನ ಮಾತಿಗೇ ಇಲ್ಲದ ತಡೆ ಕಾರ್ಖಾನೆಯ ಕ್ಯಾಬಿನ್ನಿನ ಮಾತಿಗೆ ಇದೆ ಎಂದು ವಾದಿಸುವುದು ಎದುರುಪಕ್ಷಕ್ಕೆ ಈಗ ಸುಲಭವಲ್ಲ.

ಇದಕ್ಕೆ ಒಂದು ಗಡಿ ಇದೆ, ಅದನ್ನು ದಾಟಬೇಡಿ. ಮೇಲಿನದೆಲ್ಲ ನೀವು ಇದ್ದ ಮಾತುಕತೆಗೆ ಮಾತ್ರ. ಫೋನನ್ನು ಆನ್ ಮಾಡಿ ಕ್ಯಾಬಿನ್ನಿನಲ್ಲೇ ಬಿಟ್ಟು "ನೀರು ಕುಡಿದು ಬರ್ತೀನಿ ಸಾರ್" ಅಂತ ಹೊರಗೆ ಬಂದರೆ, ಆ ಕ್ಷಣದಿಂದ ನೀವು ಮಾತಾಡುವವರಲ್ಲ, ಕದ್ದು ಕೇಳುವವರು. ಆಗ ಮಲ್ಕಾನಿ ತೀರ್ಪು ನಿಮ್ಮ ನೆರವಿಗೆ ಬರುವುದಿಲ್ಲ.

ಆ 38 ನಿಮಿಷ ಈಗ ಯಾವ ಸ್ಥಿತಿಯಲ್ಲಿದೆ?

ಕೋರ್ಟು ಸ್ವೀಕರಿಸುವುದು ಬೇರೆ, ನಂಬುವುದು ಬೇರೆ. ನಂಬಲು ಏನೇನು ಬೇಕು ಎಂಬುದನ್ನು 1985ರ ರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ, ಇವತ್ತಿಗೂ ವಕೀಲರು ಅದನ್ನೇ ಹಿಡಿದು ಪಾಟಿ ಸವಾಲು ಮಾಡುವುದು. ದನಿ ಯಾರದು ಎಂದು ಗುರುತಿಸಬೇಕು. ಮಾತು ಸ್ಪಷ್ಟವಾಗಿ ಕೇಳಿಸಬೇಕು. ಅದು ವಿವಾದಕ್ಕೆ ಸಂಬಂಧಪಟ್ಟಿರಬೇಕು. ಕತ್ತರಿಸಿಲ್ಲ, ಸೇರಿಸಿಲ್ಲ ಎಂಬುದು ಖಾತ್ರಿಯಾಗಬೇಕು. ಅಲ್ಲಿಯವರೆಗೆ ಅದು ಭದ್ರವಾಗಿ ಒಂದು ಕಡೆ ಇತ್ತು ಎಂದೂ ತೋರಿಸಬೇಕು. ದನಿ ಗುರುತಿಸುವುದು ನಿಮಗೆ ಕಷ್ಟವಲ್ಲ. ದಿನಾ ಜೊತೆಯಲ್ಲಿ ಕೆಲಸ ಮಾಡಿದವರ ದನಿ ಇದು ಎಂದು ನೀವೇ ಕಟಕಟೆಯಲ್ಲಿ ಹೇಳಬಹುದು. ನಿಮ್ಮ ಕೇಸು ಸೊರಗುವುದು ಕತ್ತರಿಯ ಹತ್ತಿರ.

ಆದ್ದರಿಂದ ಇವತ್ತೇ ಫೋನ್ ತೆಗೆದು ಒಂದು ವಿಷಯ ನೋಡಿ: 38 ನಿಮಿಷದ ಮೂಲ ಫೈಲ್ ಹಾಗೇ ಇದೆಯೇ? ರೆಕಾರ್ಡರ್ ಆ್ಯಪ್‌ಗಳಲ್ಲಿ ಟ್ರಿಮ್ ಮಾಡಿದಾಗ ಕೆಲವು ಹೊಸ ಫೈಲ್ ಮಾಡಿಕೊಳ್ಳುತ್ತವೆ, ಕೆಲವು ಮೂಲದ ಮೇಲೇ ಬರೆದುಬಿಡುತ್ತವೆ. ಎರಡನೆಯದಾಗಿದ್ದರೆ ನಿಮ್ಮ ಬಳಿ ಉಳಿದಿರುವುದು ನಾಲ್ಕು ನಿಮಿಷವಷ್ಟೇ. ಆಗ "ಉಳಿದ 34 ನಿಮಿಷದಲ್ಲಿ ಏನಿತ್ತು, ಯಾಕೆ ಅಳಿಸಿದಿರಿ?" ಎಂಬ ಒಂದೇ ಪ್ರಶ್ನೆಗೆ ನೀವು ಬೆವರಬೇಕಾಗುತ್ತದೆ. ಮೂಲ ಇದ್ದರೆ ಅದನ್ನು ಇನ್ನು ಮುಟ್ಟಬೇಡಿ. ಟ್ರಿಮ್ ಬೇಡ, ದನಿ ಜೋರು ಮಾಡುವ ಅಥವಾ ಗದ್ದಲ ತೆಗೆಯುವ ಆ್ಯಪ್ ಬೇಡ. ಕತ್ತರಿಸಿದ ಆ ನಾಲ್ಕು ನಿಮಿಷವನ್ನೂ ಹೆದರಿ ಅಳಿಸಬೇಡಿ. ಅದು ಸಹೋದ್ಯೋಗಿಯ ಫೋನಿನಲ್ಲಿ ಇದ್ದೇ ಇರುತ್ತದೆ, ನಿಮ್ಮ ಕಡೆ ಮಾತ್ರ ಇಲ್ಲದಿದ್ದರೆ ಅನುಮಾನ ನಿಮ್ಮ ಮೇಲೇ ಬರುತ್ತದೆ. ಅವರಿಗೆ ಇನ್ನು ಯಾರಿಗೂ ಕಳಿಸಬೇಡಿ ಎಂದು ಹೇಳಿ, ಅಷ್ಟು ಸಾಕು.

ಆಮೇಲೆ ಒಂದು ನಕಲು ಮಾಡಿ. ಸಾಮಾನ್ಯ ಗುಣಮಟ್ಟದ 38 ನಿಮಿಷದ ಆಡಿಯೋ ಸುಮಾರು 36 ಎಂಬಿ ಆಗಬಹುದು, ಜಿಮೇಲ್‌ನ 25 ಎಂಬಿ ಮಿತಿ ದಾಟುತ್ತದೆ. ಹಾಗಾಗಿ ಯುಎಸ್‌ಬಿ ಕೇಬಲ್ಲಿನಲ್ಲಿ ಸ್ವಂತ ಕಂಪ್ಯೂಟರ್‌ಗೆ ಹಾಕಿಕೊಳ್ಳಿ, ಇಲ್ಲವೇ ಸ್ವಂತ ಖಾತೆಯ ಡ್ರೈವ್‌ಗೆ ಏರಿಸಿ. ವಾಟ್ಸಾಪ್‌ನಲ್ಲೇ ಕಳಿಸಬೇಕಾದರೆ ಆಡಿಯೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಕಂಪನಿಯ ಲ್ಯಾಪ್‌ಟಾಪ್, ಕಂಪನಿಯ ಇಮೇಲ್ ಕಡೆ ತಲೆ ಹಾಕಲೇಬೇಡಿ. ಅದರಲ್ಲಿ ಏನು ಹೋಯಿತು, ಏನು ಬಂತು ಎಂಬುದು ಐಟಿ ವಿಭಾಗಕ್ಕೆ ಕಾಣಿಸುತ್ತದೆ, ಒಂದು ದಿನ ಲಾಗಿನ್ ಮುಚ್ಚಿದರೆ ಫೈಲೂ ಹೋಯಿತು.

ಸ್ವಂತ ಕಂಪ್ಯೂಟರ್‌ಗೆ ಬಂದ ಮೇಲೆ ಆ ಫೈಲಿನ ಹ್ಯಾಷ್ ತೆಗೆದಿಟ್ಟುಕೊಳ್ಳಿ. ಹ್ಯಾಷ್ ಎಂದರೆ ಫೈಲಿನ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಒಳಗೆ ಒಂದು ಕ್ಷಣದ ಸದ್ದು ಬದಲಾದರೂ ಹ್ಯಾಷ್ ಪೂರ್ತಿ ಬೇರೆಯಾಗುತ್ತದೆ, ಬರೀ ಹೆಸರು ಬದಲಿಸಿದರೆ ಬದಲಾಗುವುದಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಫೈಲ್ ಇರುವ ಫೋಲ್ಡರ್‌ಗೆ ಹೋಗಿ ಹೀಗೆ ಟೈಪ್ ಮಾಡಿ:

```
certutil -hashfile meeting.m4a SHA256
```

`meeting.m4a` ಇರುವ ಕಡೆ ನಿಮ್ಮ ಫೈಲಿನ ಹೆಸರು ಹಾಕಿ. 64 ಅಕ್ಷರಗಳ ಒಂದು ಸಾಲು ಬರುತ್ತದೆ. ಅದನ್ನು ದಿನಾಂಕದ ಜೊತೆ ನಿಮ್ಮ ಸ್ವಂತ ಇಮೇಲಿಗೆ ನೀವೇ ಕಳಿಸಿಕೊಳ್ಳಿ. ಎರಡು ವರ್ಷದ ನಂತರ "ಇದನ್ನು ತಿದ್ದಿದ್ದಾರೆ" ಎಂದು ಯಾರಾದರೂ ಅಂದರೆ, ಅವತ್ತು ಮತ್ತೆ ತೆಗೆದ ಹ್ಯಾಷ್ ಇದಕ್ಕೆ ಸರಿಹೊಂದಿದರೆ ಈ ದಿನಾಂಕದಿಂದ ಈಚೆಗೆ ಯಾರೂ ಕೈಹಾಕಿಲ್ಲ ಎಂದಾಯಿತು. ಈ ದಿನಾಂಕಕ್ಕಿಂತ ಹಿಂದೆ ಏನಾಗಿತ್ತು ಎಂಬುದನ್ನು ಹ್ಯಾಷ್ ಹೇಳುವುದಿಲ್ಲ. ಅದಕ್ಕೇ ತಡ ಮಾಡಬೇಡಿ ಎನ್ನುವುದು.

ಇದರ ಉಪಯೋಗ ಕಾಗದದ ಹಂತದಲ್ಲಿ ಬರುತ್ತದೆ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಮೊದಲು 65ಬಿ ಪ್ರಮಾಣಪತ್ರ ಅನ್ನುತ್ತಿದ್ದರಲ್ಲ, ಅದು ಈಗ 63ನೇ ಕಲಮಿನಲ್ಲಿದೆ. ಪೆನ್‌ಡ್ರೈವ್‌ನಲ್ಲಿ ನಕಲು ಕೊಡುವಾಗ ಜೊತೆಯಲ್ಲಿ ಈ ಪ್ರಮಾಣಪತ್ರ ಕೊಡಬೇಕು. ಅದರ ನಮೂನೆ ಅಧಿನಿಯಮದ ಕೊನೆಯ ಅನುಸೂಚಿಯಲ್ಲೇ ಇದೆ, ಎರಡು ಭಾಗ. ಭಾಗ ಎ ನೀವು ತುಂಬುವುದು: ಫೋನಿನ ಕಂಪನಿ, ಮಾದರಿ, ಬಣ್ಣ, ಸೀರಿಯಲ್ ಸಂಖ್ಯೆ, ಐಎಂಇಐ, ಫೈಲಿನ ಹ್ಯಾಷ್, ಯಾವ ವಿಧಾನದ ಹ್ಯಾಷ್, ಜೊತೆಗೆ ಆ ಹೊತ್ತಿಗೆ ಫೋನು ನಿಮ್ಮ ಸುಪರ್ದಿನಲ್ಲಿದ್ದು ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬ ಹೇಳಿಕೆ. ಭಾಗ ಬಿ ತಜ್ಞರೊಬ್ಬರು ಸಹಿ ಮಾಡುವುದು. ಐಎಂಇಐ ಈಗಲೇ `*#06#` ಒತ್ತಿ ಬರೆದಿಟ್ಟುಕೊಳ್ಳಿ.

ಮೂಲ ಫೋನನ್ನೇ ಕೋರ್ಟಿಗೆ ತಂದು, ಅದರ ಒಡೆಯರೇ ಕಟಕಟೆಗೆ ಹತ್ತಿ ರುಜುವಾತು ಮಾಡಿದರೆ ಪ್ರಮಾಣಪತ್ರ ಬೇಕಿಲ್ಲ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಹೇಳಿತ್ತು. ಹಾಗಂತ ಪ್ರಮಾಣಪತ್ರ ಬಿಡಬೇಡಿ, ಎರಡೂ ಇರಲಿ. ಇಲ್ಲಿ ಹೇಳಬೇಕಾದ ಮುಖ್ಯ ಮಾತು ಮಾತ್ರ ತೀರಾ ಮಾಮೂಲಿನದು: ಈ ಫೋನನ್ನು ದಸರಾ ಆಫರ್‌ನಲ್ಲಿ ಎಕ್ಸ್‌ಚೇಂಜ್‌ಗೆ ಹಾಕಬೇಡಿ. ಕೇಸು ಕೋರ್ಟಿನಲ್ಲಿ ಸಾಕ್ಷಿ ಹಂತಕ್ಕೆ ಬರುವ ಹೊತ್ತಿಗೆ ಮೂಲ ಫೋನ್ ಇಲ್ಲದಿರುವುದು ಇಂಥ ಸಾಕ್ಷ್ಯ ಹಾಳಾಗಲು ಒಂದು ಕಾರಣ. ಸಿಮ್ ಬೇರೆ ಫೋನಿಗೆ ಹಾಕಿಕೊಳ್ಳಿ, ಇದನ್ನು ಆಗಾಗ ಚಾರ್ಜ್ ಮಾಡಿ ಬೀರುವಿನಲ್ಲಿಡಿ.

ಇನ್ನು ಅದರ ಬರಹ ರೂಪ. ಪೂರ್ತಿ 38 ನಿಮಿಷವನ್ನು ಆಡಿದ್ದು ಆಡಿದ ಹಾಗೇ ಬರೆಯಿರಿ, ನಿಮಿಷ ಸೆಕೆಂಡು ಪಕ್ಕದಲ್ಲಿ ಹಾಕಿ. "ಹೇಳ್ತಾ ಇದೀನಿ ಕೇಳಿ, ರಿಸೈನ್ ಮಾಡ್ಬಿಡಿ" ಅಂದಿದ್ದರೆ ಅದೇ ಇರಲಿ, "ರಾಜೀನಾಮೆ ನೀಡುವಂತೆ ಒತ್ತಾಯಿಸಿದರು" ಅಂತ ನೀವು ಅರ್ಥ ಬರೆಯಬೇಡಿ. ಕೇಳಿಸದ ಕಡೆ "ಕೇಳಿಸುವುದಿಲ್ಲ" ಅಂತಲೇ ಬರೆಯಿರಿ. ಜೇಬಿನ ಬಟ್ಟೆ ಉಜ್ಜಿದ ಸದ್ದು, ಹೊರಗಿನ ಕಂಪ್ರೆಸರ್ ಸದ್ದು ಇದ್ದೇ ಇರುತ್ತದೆ, ಅದರಿಂದ ಕೇಸು ಬೀಳುವುದಿಲ್ಲ. ಕೇಳಿಸದ ಜಾಗದಲ್ಲಿ ನಿಮಗೆ ಬೇಕಾದ ಮಾತು ತುಂಬಿದರೆ ಬೀಳುತ್ತದೆ.

ಬರೆಯುವಾಗ ನಿಮ್ಮ ಮಾತುಗಳನ್ನೂ ಎದುರುಪಕ್ಷದ ವಕೀಲರ ಕಿವಿಯಿಂದ ಕೇಳಿಸಿಕೊಳ್ಳಿ. "ಸಾರ್, ಆ ಬ್ಯಾಚ್ ರಿಜೆಕ್ಷನ್ ಆಗಿದ್ದು ನನ್ನ ತಪ್ಪೇ, ಆದ್ರೂ…" ಅಂತ ನಡುವೆ ಅಂದಿದ್ದರೆ ಅದೂ ಸಾಕ್ಷ್ಯವೇ. ಪೂರ್ತಿ ಫೈಲ್ ಕೊಟ್ಟ ಮೇಲೆ ಅವರ ಮಾತು ಮಾತ್ರ ಲೆಕ್ಕಕ್ಕೆ, ನನ್ನದು ಬೇಡ ಎನ್ನಲಾಗದು.

ಆ ಮಾತುಗಳು ಏನನ್ನು ರುಜುವಾತು ಮಾಡುತ್ತವೆ?

ಇಲ್ಲಿ ಸ್ವಲ್ಪ ಕಹಿ ಮಾತು ಹೇಳಬೇಕು. "ರಾಜೀನಾಮೆ ಕೊಡಿ, ಇಲ್ಲದಿದ್ದರೆ ನಿಮ್ಮ ಮೇಲೆ ಎನ್‌ಕ್ವೈರಿ ಮಾಡಿ ಕ್ರಮ ತೆಗೆದುಕೊಳ್ಳುತ್ತೇವೆ" ಅಂದರೆ ಅದಷ್ಟನ್ನೇ ನ್ಯಾಯಾಲಯಗಳು ಸಾಮಾನ್ಯವಾಗಿ ಬಲವಂತ ಎನ್ನುವುದಿಲ್ಲ. ಕ್ರಮ ತೆಗೆದುಕೊಳ್ಳುವುದು ಮಾಲೀಕರ ಹಕ್ಕು, ಆ ಹಕ್ಕನ್ನು ಹೇಳಿದ್ದಾರೆ ಎಂದು ಅರ್ಥ ಮಾಡುತ್ತಾರೆ. ನಿಮ್ಮ ರೆಕಾರ್ಡಿಂಗಿನಲ್ಲಿ ತೂಕವಿರುವುದು ಅದರಾಚೆಯ ಮಾತುಗಳಿಗೆ: ಇಲ್ಲದ ತಪ್ಪನ್ನು ಬರೆಯುತ್ತೇವೆ ಅಂದದ್ದು, ಬೇರೆ ಕಡೆ ಕೆಲಸ ಸಿಗದ ಹಾಗೆ ಮಾಡುತ್ತೇವೆ ಅಂದದ್ದು, ಸಹಿ ಹಾಕುವ ತನಕ ಬಾಗಿಲಾಚೆ ಬಿಡುವುದಿಲ್ಲ ಅಂದಿದ್ದರೆ ಅದು. ಆ ಸಾಲುಗಳು ಯಾವ ನಿಮಿಷದಲ್ಲಿವೆ ಎಂದು ಗುರುತು ಮಾಡಿ. ಅವು ಸಿಗದೆ ಬರೀ ಸುತ್ತಿ ಬಳಸಿ ಮಾತಾಡಿದ್ದರೆ, ನಿಮ್ಮ ಕೈಯಲ್ಲಿರುವುದು ನೀವು ಅಂದುಕೊಂಡಷ್ಟು ದೊಡ್ಡದಲ್ಲ.

ಮತ್ತೊಂದು, ನೀವಿನ್ನೂ ರಾಜೀನಾಮೆ ಕೊಟ್ಟಿಲ್ಲ. ಕೊಡದಿದ್ದರೆ ಬಲವಂತದ ರಾಜೀನಾಮೆ ಎಂಬ ಕೇಸೇ ಹುಟ್ಟುವುದಿಲ್ಲ. ನಿಮ್ಮ ಅತಿ ದೊಡ್ಡ ರಕ್ಷಣೆ ಆ ಫೈಲ್ ಅಲ್ಲ, ಸಹಿ ಹಾಕದ ಕೈ.

ನಿಮ್ಮ ಹುದ್ದೆಯ ಸ್ವರೂಪವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. "ಇಂಜಿನಿಯರ್" ಎಂಬ ಹೆಸರು ನೋಡಿ ನಾನು ಕಾರ್ಮಿಕ ಅಲ್ಲ ಅಂದುಕೊಳ್ಳಬೇಡಿ. ಕಾನೂನು ನೋಡುವುದು ಮುಖ್ಯವಾಗಿ ಏನು ಕೆಲಸ ಮಾಡುತ್ತೀರಿ ಎಂಬುದನ್ನು. ದಿನದ ಹೆಚ್ಚು ಹೊತ್ತು ನೀವೇ ಗೇಜ್ ಹಿಡಿದು ಪೀಸ್ ಅಳೆದು ರಿಪೋರ್ಟ್ ಬರೆಯುತ್ತಿದ್ದರೆ ಅದು ತಾಂತ್ರಿಕ ಕೆಲಸ, ಕಾರ್ಮಿಕ ಇಲಾಖೆಯ ಸಂಧಾನ, ಅಲ್ಲಿಂದ ಕಾರ್ಮಿಕ ನ್ಯಾಯಾಲಯದ ದಾರಿ ತೆರೆದಿರುತ್ತದೆ. ಅಲ್ಲಿ ಗೆದ್ದರೆ ಕೆಲಸವೇ ವಾಪಸು ಸಿಗಬಹುದು. ಹತ್ತು ಜನ ಇನ್‌ಸ್ಪೆಕ್ಟರ್‌ಗಳ ರಜೆ, ಪಾಳಿ, ಅಪ್ರೈಸಲ್ ನೋಡುವುದೇ ನಿಮ್ಮ ಕೆಲಸವಾಗಿದ್ದರೆ ಆ ದಾರಿ ಮುಚ್ಚಿರಬಹುದು. ಆಗ ಉಳಿಯುವುದು ಸಿವಿಲ್ ಕೋರ್ಟು, ಅಲ್ಲಿ ಖಾಸಗಿ ಕಂಪನಿಯ ನೌಕರಿ ವಾಪಸು ಕೊಡಿಸುವುದಿಲ್ಲ, ಪರಿಹಾರ ಸಿಕ್ಕರೂ ಬಹುತೇಕ ನೋಟಿಸ್ ಅವಧಿಯ ಸಂಬಳದ ಆಸುಪಾಸು. ಅಷ್ಟಕ್ಕೆ ಎಷ್ಟು ದೊಡ್ಡ ಅಪಾಯ ಮೈಮೇಲೆ ಎಳೆದುಕೊಳ್ಳಬೇಕು ಎಂಬುದನ್ನು ಆಗ ಯೋಚಿಸಬೇಕಾಗುತ್ತದೆ.

ನೇಮಕಾತಿ ಪತ್ರದ ಆ ಸಾಲು

ಅದು ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಕಂಪನಿಯ ನಿಯಮ ಮುರಿದು ಮಾಡಿದ್ದು ಎಂಬ ಒಂದೇ ಕಾರಣಕ್ಕೆ ರೆಕಾರ್ಡಿಂಗ್ ಸಾಕ್ಷ್ಯವಾಗದೆ ಹೋಗುವುದಿಲ್ಲ. ಆದರೆ ಅದು ನಿಮ್ಮನ್ನು ಕಟ್ಟಿಹಾಕುತ್ತದೆ. ನಾಳೆ ಆ ಫೈಲ್ ಹೊರಗೆ ಬಂದರೆ ಕಂಪನಿ ಶೋಕಾಸ್ ನೋಟಿಸ್ ಕೊಡಬಹುದು, ದುರ್ವರ್ತನೆ ಎಂದು ಆಂತರಿಕ ವಿಚಾರಣೆ ನಡೆಸಬಹುದು, "ವಿಶ್ವಾಸ ಕಳೆದುಕೊಂಡಿದ್ದೇವೆ" ಎಂಬ ಪದ ಬಳಸಬಹುದು. ಅಲ್ಲಿಯವರೆಗೆ ನಿಮ್ಮ ವಿರುದ್ಧ ಗಟ್ಟಿ ಕಾರಣ ಇಲ್ಲದೆ ಒದ್ದಾಡುತ್ತಿದ್ದವರಿಗೆ ನೀವೇ ಒಂದು ಕಾರಣ ಕೊಟ್ಟ ಹಾಗೆ.

ಆಂತರಿಕ ವಿಚಾರಣೆಯಲ್ಲಿ ಸಾಕ್ಷ್ಯ ಕಾನೂನಿನ ಬಿಗಿ ಇರುವುದಿಲ್ಲ. 1977ರ ರತ್ತನ್ ಸಿಂಗ್ ಪ್ರಕರಣ, ಹರಿಯಾಣದ ಒಬ್ಬ ಬಸ್ ಕಂಡಕ್ಟರ್‌ದು, ಇದನ್ನು ಸ್ಪಷ್ಟ ಮಾಡಿದೆ. ಇದು ಎರಡೂ ಕಡೆ ಕುಯ್ಯುತ್ತದೆ. ಪ್ರಮಾಣಪತ್ರ ಇಲ್ಲದೆಯೂ ನಿಮ್ಮ ಪೂರ್ತಿ ಫೈಲನ್ನು ಅಲ್ಲಿ ಮುಂದಿಡಬಹುದು. ಹಾಗೆಯೇ ಸಹೋದ್ಯೋಗಿಯ ಫೋನಿನಿಂದ ಹೇಗೋ ಎಚ್‌ಆರ್ ಕೈಗೆ ಸೇರಿದ ನಾಲ್ಕು ನಿಮಿಷದ ತುಣುಕನ್ನು ಅವರು ನಿಮ್ಮ ವಿರುದ್ಧವೂ ಇಡಬಹುದು. ಅಂಥ ಹೊತ್ತಿನಲ್ಲಿ "ನಾನು ಮಾಡೇ ಇಲ್ಲ" ಎಂಬ ಸುಳ್ಳು ಹೇಳಬೇಡಿ. ಸುಳ್ಳು ಹೇಳಿದರೆ ಅದೇ ಎರಡನೇ ದುರ್ವರ್ತನೆ, ಮುಂದೆ ಕೋರ್ಟಿನಲ್ಲಿ ಅದೇ ಫೈಲನ್ನು ನಂಬಿ ಎನ್ನುವ ಬಾಯಿಯೂ ಉಳಿಯುವುದಿಲ್ಲ. ನನ್ನ ಕೆಲಸ ಕಿತ್ತುಕೊಳ್ಳುವ ಬೆದರಿಕೆ ಬಂದಿತ್ತು, ಬೇರೆ ಸಾಕ್ಷಿ ಇರಲಿಲ್ಲ, ನನ್ನ ರಕ್ಷಣೆಗೆ ಮಾಡಿಕೊಂಡೆ, ಉತ್ಪಾದನೆಯ ಗುಟ್ಟು ಅದರಲ್ಲಿ ಏನೂ ಇಲ್ಲ: ಇದು ನೇರವಾದ ಉತ್ತರ. ಶಿಕ್ಷೆ ತಪ್ಪಿಗಿಂತ ಅತಿಯಾಗಿದ್ದರೆ ಅದನ್ನು ಇಳಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕಿದೆ. ತನ್ನ ರಕ್ಷಣೆಗೆ ಮಾಡಿಕೊಂಡು ಇಟ್ಟುಕೊಂಡವರಿಗೂ ಊರಿಗೆಲ್ಲ ಹಂಚಿದವರಿಗೂ ಅದು ಬೇರೆ ಬೇರೆ ಅಳತೆ ಇಡುತ್ತದೆ. ಅದಕ್ಕೇ ಆ ವಾಟ್ಸಾಪ್ ನನಗೆ ರೆಕಾರ್ಡಿಂಗಿಗಿಂತ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತದೆ. ಗ್ರೂಪಿಗೆ, ಯೂಟ್ಯೂಬಿಗೆ ಹೋದರೆ ಮಾನಹಾನಿಯ ದೂರೂ ಸೇರಿಕೊಳ್ಳಬಹುದು. "ಇಷ್ಟು ಕೊಡದಿದ್ದರೆ ಇದನ್ನು ಹೊರಗೆ ಬಿಡ್ತೀನಿ" ಎಂದು ಮ್ಯಾನೇಜರ್‌ಗೆ ಒಂದು ಮೆಸೇಜ್ ಹಾಕಿದರೆ ಅದು ಸುಲಿಗೆಯ ದೂರಾಗಿ ತಿರುಗುತ್ತದೆ, ಅಲ್ಲಿಗೆ ನೀವು ದೂರುದಾರರಾಗಿ ಉಳಿಯುವುದಿಲ್ಲ, ಆರೋಪಿಯಾಗುತ್ತೀರಿ.

ಸೋಮವಾರ

ಸೋಮವಾರಕ್ಕೆ ಮುಂಚೆ ಒಂದು ಮೇಲ್ ಹಾಕಿ. ಸಭೆಯ ವಿಷಯ ಏನು, ನನ್ನ ಕೆಲಸದ ಬಗ್ಗೆ ಆಕ್ಷೇಪಣೆ ಇದ್ದರೆ ಬರಹದಲ್ಲಿ ಕೊಡಿ, ಸಭೆಯ ನಡಾವಳಿ ಬರೆದು ಎರಡೂ ಕಡೆ ಸಹಿ ಮಾಡೋಣ, ಇಲ್ಲವೇ ಎಲ್ಲರ ಒಪ್ಪಿಗೆಯಿಂದ ರೆಕಾರ್ಡ್ ಮಾಡೋಣ ಎಂದು ಕೇಳಿ. ಒಪ್ಪಿದರೆ ಗುಟ್ಟಿನ ಮಾತೇ ಇಲ್ಲ. "ಬೇಡ" ಎಂಬ ಉತ್ತರ ಬಂದರೆ, ಬರಹದಲ್ಲಿ ಏನನ್ನೂ ಇಡಲು ಅವರಿಗೆ ಮನಸ್ಸಿಲ್ಲ ಎಂಬುದಕ್ಕೆ ಅವರ ಮೇಲ್ ನಿಮ್ಮ ಬಳಿ ಇರುತ್ತದೆ.

ಸಭೆ ಮುಗಿದ ದಿನವೇ, ಮನೆಗೆ ಹೋಗಿ ಮಲಗುವ ಮುಂಚೆ, ಇಂಥ ಮೇಲ್ ಬರೆಯಿರಿ. ಕಂಪನಿಯ ಮೇಲ್‌ನಿಂದ ಇಬ್ಬರಿಗೂ, ಒಂದು ಪ್ರತಿ ನಿಮ್ಮ ಸ್ವಂತ ವಿಳಾಸಕ್ಕೆ:

"ಮಾನ್ಯರೇ, ಇಂದು ಬೆಳಿಗ್ಗೆ 11ಕ್ಕೆ ಪ್ಲಾಂಟ್ ಮ್ಯಾನೇಜರ್ ಅವರ ಕೊಠಡಿಯಲ್ಲಿ ನಡೆದ ಮಾತುಕತೆಯಲ್ಲಿ ನಾನು ರಾಜೀನಾಮೆ ಕೊಡಬೇಕೆಂದು, ಕೊಡದಿದ್ದರೆ ಕಳಪೆ ಕೆಲಸವೆಂದು ದಾಖಲಿಸಿ ತೆಗೆದುಹಾಕುವುದಾಗಿ ತಿಳಿಸಿದಿರಿ. ರಾಜೀನಾಮೆ ಕೊಡುವ ಇಚ್ಛೆ ನನಗಿಲ್ಲ. ನನ್ನ ಕೆಲಸದಲ್ಲಿ ಲೋಪವಿದ್ದರೆ ನಿರ್ದಿಷ್ಟವಾಗಿ ಬರಹದಲ್ಲಿ ತಿಳಿಸಿದರೆ ಉತ್ತರಿಸುತ್ತೇನೆ. ಮೇಲಿನದರಲ್ಲಿ ತಪ್ಪಿದ್ದರೆ ದಯವಿಟ್ಟು ತಿಳಿಸಿ."

ಅಷ್ಟೇ. ಸಿಟ್ಟು ಬೇಡ, ಕಾನೂನಿನ ಕಲಮು ಬೇಡ, ರೆಕಾರ್ಡಿಂಗಿನ ಸುದ್ದಿ ಬೇಡ. ಅವರು ಉತ್ತರಿಸದಿದ್ದರೆ ಅವತ್ತೇ ಬರೆದು ಅವತ್ತೇ ತಲುಪಿದ, ಯಾರೂ ಅಲ್ಲಗಳೆಯದ ಕಾಗದ ನಿಮ್ಮ ಬಳಿ ಇರುತ್ತದೆ. ಅಲ್ಲಗಳೆದು ಉತ್ತರಿಸಿದರೆ ಆಗ ನಿಮ್ಮ 38 ನಿಮಿಷಕ್ಕೆ ನಿಜವಾದ ಬೆಲೆ ಬರುತ್ತದೆ. ಹಿಂದಿನ ಎರಡು ಸಭೆಗಳ ಬಗ್ಗೆಯೂ ದಿನಾಂಕ, ಹೊತ್ತು, ಯಾರಿದ್ದರು ಎಂಬುದನ್ನು ಇದೇ ಥರ ಒಂದು ಮೇಲ್‌ನಲ್ಲಿ ಬರೆದುಬಿಡಿ. ತಡವಾಯಿತು ಅಂತ ಬಿಡಬೇಡಿ. ರೆಕಾರ್ಡಿಂಗ್ ಮಾಡಿಕೊಳ್ಳಲಾಗದ ಮೊದಲ ಸಭೆಗೆ ನಿಮಗಿರುವ ಸಾಕ್ಷ್ಯ ಇದೊಂದೇ.

ಮತ್ತೆ ರೆಕಾರ್ಡ್ ಮಾಡಬೇಕೇ ಎಂಬುದಕ್ಕೆ ನನ್ನ ಅಭಿಪ್ರಾಯ: ಅದೇ ಮಾತನ್ನು ಮತ್ತೊಮ್ಮೆ ಹಿಡಿಯುವುದಕ್ಕಾದರೆ ಬೇಡ. ಒಂದು ಫೈಲ್ ಹೇಳುವುದನ್ನೇ ಎರಡನೆಯದೂ ಹೇಳುತ್ತದೆ, ನಿಯಮ ಮುರಿದ ಲೆಕ್ಕ ಮಾತ್ರ ಎರಡಾಗುತ್ತದೆ. ಮೇಲ್‌ಗೆ ಉತ್ತರವೇ ಇಲ್ಲದೆ, ನಾಲ್ಕು ಜನ ಕೂತು ಟೈಪ್ ಮಾಡಿದ ರಾಜೀನಾಮೆ ಪತ್ರ ಮುಂದಿಟ್ಟು ಸಹಿ ಹಾಕಿಸುವ ಸಾಧ್ಯತೆ ಇದ್ದರೆ ಮಾತು ಬೇರೆ. ಆ ಕೊಠಡಿಯಲ್ಲಿ ಏನಾಯಿತು ಎಂಬುದೇ ಮುಂದಿನ ಇಡೀ ಕೇಸಾಗುತ್ತದೆ, ಅಲ್ಲಿ ಅಪಾಯ ತೆಗೆದುಕೊಳ್ಳುವುದಕ್ಕೆ ಅರ್ಥವಿದೆ. ಹಾಗೆ ಮಾಡುವುದಾದರೆ ಸ್ವಂತ ಫೋನು, ಒಳಗೆ ಹೋಗುವ ಮುಂಚಿನಿಂದ ಹೊರಗೆ ಬರುವ ತನಕ ನಿಲ್ಲಿಸದೆ. ಏರ್‌ಪ್ಲೇನ್ ಮೋಡ್ ಹಾಕಿ, ಕರೆ ಬಂದರೆ ಅನೇಕ ಫೋನುಗಳಲ್ಲಿ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲುತ್ತದೆ. ಬ್ಯಾಟರಿ ಸೇವರ್ ತೆಗೆಯಿರಿ, ಅದು ಹಿಂದೆ ಓಡುವ ಆ್ಯಪನ್ನು ಮುಚ್ಚಿಬಿಡುತ್ತದೆ. ಮೈಕು ಸಾಮಾನ್ಯವಾಗಿ ಫೋನಿನ ಕೆಳತುದಿಯಲ್ಲಿರುವುದರಿಂದ ಅಂಗಿ ಜೇಬಿನಲ್ಲಿ ತಲೆಕೆಳಗಾಗಿಡಿ. ಅವರ ಬಾಯಿಂದ ಏನನ್ನೋ ಹೊರಡಿಸಲು ಕೆಣಕಿ ಪ್ರಶ್ನೆ ಕೇಳಬೇಡಿ, ಕೇಳುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಫೋನು ಹೊರಗಿಟ್ಟು ಬನ್ನಿ ಅಂದರೆ ಇಟ್ಟು ಹೋಗಿ, ಸಂಜೆಯ ಮೇಲ್‌ನಲ್ಲಿ ಅದನ್ನೂ ಒಂದು ಸಾಲು ಬರೆಯಿರಿ.

ಮಾತು ನಡುವೆ ಲೆಕ್ಕಾಚಾರಕ್ಕೆ ತಿರುಗಿ, "ಮೂರು ತಿಂಗಳ ಸಂಬಳ ಕೊಡ್ತೀವಿ, ಇದು ನಮ್ಮ ನಿಮ್ಮೊಳಗೆ ಇರಲಿ, ಎಲ್ಲೂ ಸಾಕ್ಷಿಗೆ ಬಳಸಬಾರದು" ಎಂಬ ಷರತ್ತಿನ ಮೇಲೆ ರಾಜಿ ಮಾತಾಡಿದರೆ ಆ ಭಾಗವನ್ನು ತಪ್ಪೊಪ್ಪಿಗೆ ಎಂದು ಕೋರ್ಟಿಗೆ ತರಲು ಹೋಗಬೇಡಿ. ಅಂಥ ಷರತ್ತಿನ ಮಾತಿಗೆ ಸಾಕ್ಷ್ಯ ಕಾನೂನಿನಲ್ಲೇ ರಕ್ಷಣೆ ಇದೆ. ಲೈಂಗಿಕ ಕಿರುಕುಳದ ಆಂತರಿಕ ಸಮಿತಿಯ ಮುಂದೆ ನಡೆಯುವ ವಿಚಾರಣೆಯೂ ಹಾಗೆಯೇ, 2013ರ ಕಾಯ್ದೆಯ 16ನೇ ಕಲಮು ಅದನ್ನು ಬಹಿರಂಗ ಮಾಡುವುದನ್ನೇ ನಿಷೇಧಿಸಿದೆ. ಕಿರುಕುಳ ನಡೆದ ಹೊತ್ತಿನ ರೆಕಾರ್ಡಿಂಗನ್ನು ಸಮಿತಿಗೆ ಕೊಡಬಹುದು, ಸಮಿತಿಯ ನಡಾವಳಿಯನ್ನು ಹೊರಗೆ ಹರಿಯಬಿಡಬಾರದು.

ಒಂದು ವೇಳೆ ಒತ್ತಡಕ್ಕೆ ಬಿದ್ದು ಸಹಿ ಹಾಕಿಬಿಟ್ಟಿರಿ ಅಂದುಕೊಳ್ಳಿ. ಅವತ್ತೇ ಮೇಲ್‌ನಲ್ಲಿ, ಮಾರನೇ ದಿನ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ, "ಇಂದಿನ ಸಹಿ ನನ್ನ ಇಚ್ಛೆಯದಲ್ಲ, ರಾಜೀನಾಮೆಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ" ಎಂದು ತಿಳಿಸಿ. ಮುಂದಿನ ದಿನಾಂಕದಿಂದ ಜಾರಿಗೆ ಬರುವ ರಾಜೀನಾಮೆಯನ್ನು ಆ ದಿನಾಂಕ ಬರುವ ಮುಂಚೆ ಸಾಮಾನ್ಯವಾಗಿ ಹಿಂಪಡೆಯಬಹುದು, ಕಂಪನಿಯ ನಿಯಮದಲ್ಲಿ ಬೇರೆ ಇದೆಯೇ ನೋಡಿಕೊಳ್ಳಬೇಕು. ಮಾರನೇ ದಿನ ಮಾಮೂಲಿ ಪಾಳಿಗೆ ಹೋಗಿ ಗೇಟಿನಲ್ಲಿ ನಿಲ್ಲಿ. ಕಾರ್ಡ್ ಸ್ವೈಪ್ ಆಗದಿದ್ದರೆ ಅಲ್ಲಿಂದಲೇ ಮೇಲ್ ಹಾಕಿ: "ಬೆಳಿಗ್ಗೆ 6 ಗಂಟೆಯ ಪಾಳಿಗೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ." ಒಂದು ತಿಂಗಳ ನಂತರ ಎಚ್ಚೆತ್ತು ಬಲವಂತ ಎನ್ನುವವರ ಬಳಿ ಎಷ್ಟು ಸ್ಪಷ್ಟವಾದ ಆಡಿಯೋ ಇದ್ದರೂ, ಅಷ್ಟು ದಿನ ಯಾಕೆ ಸುಮ್ಮನಿದ್ದಿರಿ, ಪೂರ್ತಿ ಬಾಕಿ ಹಣ ಯಾಕೆ ತೆಗೆದುಕೊಂಡಿರಿ ಎಂಬ ಪ್ರಶ್ನೆ ಮುಂದೆ ಬಂದು ನಿಲ್ಲುತ್ತದೆ.

ಕೇಸು ಹಾಕುವ ಹಂತ ಬಂದರೆ ಫೈಲನ್ನು ಯಾವಾಗ ಹೊರಗೆ ತೆಗೆಯಬೇಕು ಎಂಬುದರಲ್ಲಿ ವಕೀಲರಲ್ಲೇ ಎರಡು ಮಾತಿದೆ. ಎಚ್‌ಆರ್ ಮ್ಯಾನೇಜರ್ ಪಾಟಿ ಸವಾಲಿನಲ್ಲಿ "ನಾನು ಹಾಗೆ ಅಂದೇ ಇಲ್ಲ" ಎಂದ ಮೇಲೆ ಬಿಚ್ಚಬೇಕು ಎನ್ನುವವರಿದ್ದಾರೆ. ನೋಡಲು ಚೆನ್ನಾಗಿರುತ್ತದೆ. ಆದರೆ ವರ್ಷಗಟ್ಟಲೆ ಬಚ್ಚಿಟ್ಟು ಕೊನೆಗೆ ತಂದದ್ದು ಎಂಬ ಅನುಮಾನ, ತಡವಾಗಿ ಹಾಜರುಪಡಿಸಲು ಬೇಕಾಗುವ ಅನುಮತಿ, ಇವೆರಡೂ ಬೆನ್ನಿಗೆ ಬರುತ್ತವೆ. ಮೊದಲ ಹೇಳಿಕೆಯ ಜೊತೆಯಲ್ಲೇ ಪೆನ್‌ಡ್ರೈವ್, ಬರಹ ರೂಪ, 63ನೇ ಕಲಮಿನ ಪ್ರಮಾಣಪತ್ರ ಮೂರನ್ನೂ ಕೊಟ್ಟುಬಿಡುವುದೇ ನನಗೆ ಸರಿ ಕಾಣುತ್ತದೆ. ಎದುರುಪಕ್ಷ ದನಿ ತಮ್ಮದಲ್ಲ ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲು ನ್ಯಾಯಾಲಯವನ್ನು ಕೇಳಬೇಕಾಗುತ್ತದೆ, ಆ ಕೋರಿಕೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಪ್ರಾದೇಶಿಕ ಪ್ರಯೋಗಾಲಯ ಮೈಸೂರಿನಲ್ಲೇ ಇದೆ, ಆದರೂ ನೀವಾಗಿ ಫೋನ್ ತೆಗೆದುಕೊಂಡು ಹೋಗಿ ಕೊಡುವಂತಿಲ್ಲ, ನ್ಯಾಯಾಲಯ ಅಥವಾ ಪೊಲೀಸರ ಮೂಲಕವೇ ಹೋಗಬೇಕು.

ಸೋಮವಾರದ ಒಳಗೆ ನೇಮಕಾತಿ ಪತ್ರ, ಕಂಪನಿಯ ಸ್ಥಾಯಿ ಆದೇಶ ಅಥವಾ ಎಚ್‌ಆರ್ ಕೈಪಿಡಿ, ಕಳೆದ ಮೂರು ವರ್ಷದ ಅಪ್ರೈಸಲ್ ಮತ್ತು ಇನ್‌ಕ್ರಿಮೆಂಟ್ ಪತ್ರ ಇವುಗಳನ್ನು ಒಂದು ಫೈಲಿಗೆ ಹಾಕಿಕೊಂಡು ಮೈಸೂರಿನಲ್ಲಿ ಕಾರ್ಮಿಕ ಕೇಸು ನಡೆಸುವ ವಕೀಲರೊಬ್ಬರಿಗೆ ತೋರಿಸಿ. ನಿಮ್ಮ ಕೈಗೆ ಬಂದ ಪತ್ರಗಳನ್ನಷ್ಟೇ ತೆಗೆದುಕೊಳ್ಳಿ, ಕಂಪನಿಯ ಸಿಸ್ಟಂನಿಂದ ಗ್ರಾಹಕರ ಡ್ರಾಯಿಂಗು, ರಿಜೆಕ್ಷನ್ ಡೇಟಾ ಇಳಿಸಿಕೊಳ್ಳಬೇಡಿ. ಪ್ರತಿ ವರ್ಷ ಇನ್‌ಕ್ರಿಮೆಂಟ್ ಕೊಟ್ಟು "ನಿಮ್ಮ ಕೆಲಸ ತೃಪ್ತಿಕರ" ಎಂದು ಬರೆದ ಪತ್ರಗಳಿದ್ದರೆ, ಈಗ ಹಠಾತ್ತನೆ ಕಳಪೆ ಎನ್ನುವವರ ಮುಂದೆ ಇಡಲು ಅವು ರೆಕಾರ್ಡಿಂಗಿಗಿಂತ ಗಟ್ಟಿ, ಅವುಗಳ ಮೇಲೆ ಯಾರೂ ಶಿಸ್ತುಕ್ರಮ ತೆಗೆದುಕೊಳ್ಳುವಂತೆಯೂ ಇಲ್ಲ.